ನೇರ ಸರಪಳಿಯ ಪ್ರೊಪೈಲ್‌ಬೆಂಜೀನ್ ಬೇಕು: ಕೊನೆಯ ಹಂತಕ್ಕೆ ಸಹಾಯ ಮಾಡ್ರಿ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಎಂ.ಎಸ್ಸಿ. ಮಕ್ಕಳಿಗೆ ಹೊಸ ಪ್ರಾಕ್ಟಿಕಲ್ ತಯಾರು ಮಾಡುತ್ತಿದ್ದೇನೆ. ಗುರಿ ಎನ್-ಪ್ರೊಪೈಲ್‌ಬೆಂಜೀನ್.

ಬೆಂಜೀನ್‌ಗೆ 1-ಕ್ಲೋರೋಪ್ರೊಪೇನ್ ಮತ್ತು ಅಲ್ಯೂಮಿನಿಯಂ ಕ್ಲೋರೈಡ್ ಹಾಕಿದರೆ ಆಯ್ತು ಅನ್ನಿಸುತ್ತದೆ, ಅಲ್ವಾ? ಆದರೆ ಕ್ಲೋರಿನ್ ಕಳಚುವಾಗಲೇ ಪಕ್ಕದ ಇಂಗಾಲದ ಹೈಡ್ರೈಡ್ ಸರಿದು, ಹೆಚ್ಚು ಸ್ಥಿರವಾದ ಸೆಕೆಂಡರಿ ಅಯಾನು ಹುಟ್ಟುತ್ತದೆ. ಹಾಗಾಗಿ ಕ್ಯೂಮೀನ್ ಬೆರೆತು ಬರುತ್ತದೆ. ಬಟ್ಟಿ ಇಳಿಸಿ ಬೇರ್ಪಡಿಸುವುದೂ ಕಷ್ಟ: ಕ್ಯೂಮೀನ್ ಸುಮಾರು 152, ನಮಗೆ ಬೇಕಾದದ್ದು 159 ಡಿಗ್ರಿಗೆ ಕುದಿಯುತ್ತದೆ. ಜೊತೆಗೆ ಆಲ್ಕೈಲ್ ಸೇರಿದ ಉಂಗುರ ಇನ್ನೂ ಚುರುಕಾಗಿ, ಎರಡನೇ ಗುಂಪನ್ನೂ ಎಳೆದುಕೊಳ್ಳುತ್ತದೆ.

ಅದಕ್ಕೇ ಪ್ರೊಪನಾಯ್ಲ್ ಕ್ಲೋರೈಡ್ ದಾರಿ ಹಿಡಿದಿದ್ದೇನೆ. ಅಸೈಲಿಯಂ ಅಯಾನನ್ನು ಆಮ್ಲಜನಕ ಸ್ಥಿರವಾಗಿಡುವುದರಿಂದ ಸರಪಳಿ ಬದಲಾಗುವುದಿಲ್ಲ. ಕೀಟೋನ್ ಉಂಗುರವನ್ನು ಮಂದಗೊಳಿಸುವುದರಿಂದ ಕ್ರಿಯೆ ಒಂದೇ ಗುಂಪಿಗೆ ನಿಲ್ಲುತ್ತದೆ. 0.1 ಮೋಲ್ (9.25 ಗ್ರಾಂ) ಅಸೈಲ್ ಕ್ಲೋರೈಡ್‌ಗೆ 0.11 ಮೋಲ್ (14.7 ಗ್ರಾಂ) ಅಲ್ಯೂಮಿನಿಯಂ ಕ್ಲೋರೈಡ್ ಇಟ್ಟಿದ್ದೇನೆ. ಕೀಟೋನ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಚಿಟಿಕೆ ಸಾಲದು. ಕೊನೆಗೆ ಮಂಜುಗಡ್ಡೆ ಮತ್ತು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸುರಿದು ಆ ಹಿಡಿತ ಬಿಡಿಸಬೇಕು.

ಈಗ ಪ್ರೊಪಿಯೋಫೀನೋನ್‌ನ ಕಾರ್ಬೊನೈಲ್ ತೆಗೆಯುವುದು ಹೇಗೆ? ಕ್ಲೆಮೆನ್ಸೆನ್‌ಗೆ ಪಾದರಸ, ವುಲ್ಫ್-ಕಿಶ್ನರ್‌ಗೆ ಹೈಡ್ರಜೀನ್ ಮತ್ತು 200 ಡಿಗ್ರಿ ಹತ್ತಿರದ ಬಿಸಿ. ಮಕ್ಕಳ ಕೈಗೆ ಎರಡೂ ಕೊಡಲು ಮನಸ್ಸಿಲ್ಲ. ಕಾರ್ಬೊನೈಲ್ ಉಂಗುರಕ್ಕೇ ಅಂಟಿರುವುದರಿಂದ ಪಲ್ಲಾಡಿಯಂ-ಕಾರ್ಬನ್ ಮೇಲೆ ಹೈಡ್ರೋಜನ್ ಸಾಕು. ಎಥನಾಲ್‌ನಲ್ಲಿ ಬಲೂನ್ ಒತ್ತಡದಲ್ಲಿ ಯಾರಾದರೂ ಮಾಡಿದ್ದೀರಾ? ಆಲ್ಕೋಹಾಲ್ ಹಂತಕ್ಕೇ ನಿಲ್ಲದಂತೆ ಯಾವ ಆಮ್ಲ, ಎಷ್ಟು ಸೇರಿಸಿದಿರಿ? ಹುಬ್ಬಳ್ಳಿ, ಗದಗ, ಹಾವೇರಿ ಕಡೆಯವರು ಯಾರಾದರೂ ಮಾಡಿದ್ದರೆ ದಯವಿಟ್ಟು ತಿಳಿಸ್ರಿ, ನಾನೇ ಬಂದು ನೋಡುತ್ತೇನೆ.