ಸಹಾಯ ಬೇಕು: ಎಲೆಕ್ಟ್ರಿಕ್ ಸ್ಕೂಟರ್‌ಗೆ ಟ್ಯಾಗ್‌ಲೈನ್

ಗೆಳೆಯರೇ, ಒಂದು ಹೊಸ ಎಲೆಕ್ಟ್ರಿಕ್ ಸ್ಕೂಟರ್‌ಗೆ ಕನ್ನಡ ಟ್ಯಾಗ್‌ಲೈನ್ ಬರೆಯುತ್ತಿದ್ದೇನೆ. ಬೆಂಗಳೂರಲ್ಲಿ ಆಫೀಸಿಗೆ ಓಡಾಡುವ ಹುಡುಗ ಹುಡುಗಿಯರಿಗೆ. ಬಸ್ಸಿನ ಹಿಂಭಾಗದಲ್ಲಿ ಹಾಕುತ್ತಾರೆ, ಹಾಗಾಗಿ ನಾಲ್ಕು ಪದ ದಾಟುವಂತಿಲ್ಲ.

ಮೊದಲು 'ಟ್ರಾಫಿಕ್‌ಗೆ ಟಾಟಾ' ಅಂತ ಬರೆದೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಸುಳ್ಳು. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಈ ಸ್ಕೂಟರೂ ನಿಲ್ಲಲೇಬೇಕು ಅಲ್ವಾ? ಓದುವವನೂ ಅದೇ ಜಾಮ್‌ನಲ್ಲಿ, ಆ ಬಸ್ಸಿನ ಹಿಂದೆಯೇ ನಿಂತಿರುತ್ತಾನೆ. ನಗುತ್ತಾನೆ.

ನಿಜವಾದ ಲಾಭ ಬೇರೆ. ಪೆಟ್ರೋಲ್ ಗಾಡಿ ಆಫ್ ಮಾಡದಿದ್ದರೆ ಸಿಗ್ನಲ್‌ನಲ್ಲೂ ಎಣ್ಣೆ ಕುಡಿಯುತ್ತದೆ. ಇದರಲ್ಲಿ ಗಾಡಿ ನಿಂತರೆ ಮೋಟಾರೂ ನಿಲ್ಲುತ್ತದೆ, ಲೈಟು ಮತ್ತು ಡಿಸ್‌ಪ್ಲೇಗೆ ಮಾತ್ರ ಸ್ವಲ್ಪ ಕರೆಂಟು. ಅದಕ್ಕೆ 'ಜಾಮ್ ಆದ್ರೂ ಜೇಬು ಸುಡಲ್ಲ' ಅಂತ ಕೊಟ್ಟೆ. ಕಂಪನಿಯವರು ಬೇಡ ಅಂದರು. 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಸುದ್ದಿ ಜನರಿಗೆ ಇನ್ನೂ ನೆನಪಿದೆ, 'ಸುಡು' ಅನ್ನೋದೇ ಬರಬಾರದಂತೆ. ಒಪ್ಪುವ ಮಾತೇ.

'ನಿಂತರೆ ಖರ್ಚಿಲ್ಲ' ಅಂದರೆ ಗಾಡಿ ಕೆಟ್ಟು ನಿಂತ ಹಾಗಿದೆ. 'ಸಿಗ್ನಲ್‌ನಲ್ಲಿ ಖರ್ಚಿಲ್ಲ' ಸರಿಯಿದೆ, ಆದ್ರೆ ಸಪ್ಪೆ.

ನಿಂತಾಗ ಖರ್ಚಾಗಲ್ಲ ಅನ್ನೋದನ್ನೇ ನಾಲ್ಕು ಪದದಲ್ಲಿ, ಬೆಂಕಿಯನ್ನೂ ಕೆಟ್ಟ ಗಾಡಿಯನ್ನೂ ನೆನಪಿಸದೆ, ನೀವಾದ್ರೆ ಹೇಗೆ ಹೇಳ್ತೀರಿ?