ಗಾಜು ಒಡೆದಿಲ್ಲ ಅಂದ್ರ ಬಿರುಕು ನಿಂತದ ಅಂತೇನು?

(ಡಿಪ್ಲೊಮಾ ಸಿವಿಲ್ ಗೆಳೆಯರ ಗುಂಪು, ಕಲಬುರಗಿ. ಮೇ 3, ಭಾನುವಾರ)

ಬಸವರಾಜ, ಬೆಳಿಗ್ಗೆ 7:10
📷 ಫೋಟೊ
ಆಳಂದ ರಸ್ತೆ ಕಡೆ ಒಂದು ಮನಿ. ಮೂಲಿ ಗ್ವಾಡಿ, ಕಿಟಕಿ ಕೆಳಗಿನ ಮೂಲಿಯಿಂದ ಪ್ಲಿಂತ್ ತನಕ ಓರೆ ಬಿರುಕು. ಬಿರುಕು ಇನ್ನೂ ಸರಿಯಾಕ ಹತ್ತದೇನು ನೋಡಾಕ ಏಪ್ರಿಲ್ 12ಕ್ಕ ಅದರ ಮ್ಯಾಲೆ ಅಡ್ಡ ಗಾಜಿನ ಪಟ್ಟಿ ಹಚ್ಚ್ಯಾರ. ಮೂರು ವಾರ ಆಯ್ತು, ಗಾಜು ಒಡೆದಿಲ್ಲ. ಬಿರುಕು ನಿಂತದ ಅಂತ ಗೌಂಡಿ ಹೇಳ್ತಾನ. ಮಳಿ ಹತ್ತೂದರೊಳಗ ಸಿಮೆಂಟ್ ತುಂಬಿ ಗಿಲಾವ್ ಮಾಡಿಬಿಡೂದು ಛಲೋ ಅಲ್ಲೇನು?

ಶಿವಲೀಲಾ, 7:24
ತುಂಬಬ್ಯಾಡ್ರಿ ಬಸವರಾಜ. ಅಲ್ಲಿ ಎರಿಮಣ್ಣು ಅದ. ಏಪ್ರಿಲ್‌ದಾಗ ಆ ಮಣ್ಣು ಆಗಲೇ ಒಣಗಿ ಕುಗ್ಗಿರ್ತದ, ಬಿರುಕು ಎಷ್ಟು ಬಾಯಿ ತೆರೀಬೇಕೋ ಹೆಚ್ಚುಕಡಿಮಿ ಅಷ್ಟು ತೆರೆದಿರ್ತದ. ಏಪ್ರಿಲ್‌ದಿಂದ ಮೇ ತನಕ ಗಾಜು ಸುಮ್ಮನಿದ್ರ ಅದರಾಗ ಹೊಸದೇನೂ ಇಲ್ಲ. ಮಣ್ಣು ನಿಜವಾಗಿ ಅಲುಗಾಡೂದು ಜೂನ್‌ದಾಗ ನೀರು ಕುಡಿದು ಉಬ್ಬಾಗ. ಯಾವ ಕಾಲದಾಗ ಚಲನೆ ಬರೋದಿಲ್ಲವೋ ಆ ಕಾಲದಾಗ ನೋಡಿ "ಚಲನೆ ಇಲ್ಲ" ಅಂದಂಗ ಆಯ್ತು ಇದು.

ಬಸವರಾಜ, 7:31
ಒಪ್ಪಿದೆ. ಆದ್ರ ಮಳಿಗಾಲದಾಗ ಬಿರುಕು ಮುಚ್ಚಿಕೊಳ್ತದ, ತೆರೆಯೂದಿಲ್ಲ. ಮುಚ್ಚಿದ್ರ ಒಳ್ಳೇದೇ ಅಲ್ಲ?

ಶಿವಲೀಲಾ, 7:40
ಈಗ ಸಿಮೆಂಟ್ ತುಂಬಿದ್ರ ಅದಕ್ಕ ಮುಚ್ಚಾಕ ಜಾಗಾ ಎಲ್ಲಿ? ಬಾಯಿ ಅಗಲ ಇದ್ದಾಗ ಗಟ್ಟಿ ವಸ್ತು ತುರುಕಿದಿ. ಮೂಲಿ ಮೇಲೇಳುವಾಗ ಆ ಸಿಮೆಂಟ್ ಬೆಣಿಯಂಗ ಆಗಿ ಗ್ವಾಡಿನ್ನ ಒತ್ತತದ, ಬಾಜೂದಾಗ ಹೊಸ ಬಿರುಕು ಬರ್ತದ, ಇಲ್ಲಾಂದ್ರ ಗಿಲಾವ್ ಉಬ್ಬಿ ಬೀಳತದ. ಮುಂದಿನ ಬ್ಯಾಸಗಿಗೆ ಸಿಮೆಂಟಿನ ಅಂಚಿಗೆ ಮತ್ತ ಗೆರಿ.

ರೆಹಮಾನ್, 8:02
ಫೋಟೊ ದೊಡ್ಡದು ಮಾಡಿ ನೋಡ್ದೆ. ಆ ಪಟ್ಟಿ ಹಚ್ಚಿದ ರೀತಿನೇ ತಪ್ಪದ. ಒಂದನೇದು, ಗಿಲಾವ್ ಮ್ಯಾಲೆ, ಅದೂ ಡಿಸ್ಟೆಂಪರ್ ಮ್ಯಾಲೆ ಹಚ್ಚ್ಯಾರ. ಬಣ್ಣದ ಪೊರೆ ಕಿತ್ತು ಬಂದ್ರ ಗಾಜಿಗೆ ಎಳೆತ ಮುಟ್ಟೂದೇ ಇಲ್ಲ. ಎರಡನೇದು, ಅಂಟು ಬೆಳ್ಳಗೆ ಮೆತ್ತಗೆ ಕಾಣತದ, ಸಿಲಿಕಾನ್ ಇರಬೇಕು. ಸಿಲಿಕಾನ್ ರಬ್ಬರಿನಂಗ ಹಿಗ್ಗತದ. ಬಿರುಕು ಅರ್ಧ ಮಿ.ಮೀ. ತೆರೆದ್ರೂ ಅಂಟು ಹಿಗ್ಗಿ ಕೂಡತದ, ಗಾಜು ಹಾಂಗೇ ಇರ್ತದ. ಮೂರನೇದು, ಪಟ್ಟಿ ಉದ್ದಕ್ಕೂ ಅಂಟು ಬಳದಾರ. ಅದು ಬಿರುಕಿನೊಳಗ ಇಳದದ, ಒಡೆದ ಗೆರಿ ಇದ್ದರೂ ಕಾಣೂದಿಲ್ಲ.

ಬಸವರಾಜ, 8:09
ಸರಿಯಾಗಿ ಹಚ್ಚೂದು ಹ್ಯಾಂಗ ಮತ್ತ?

ರೆಹಮಾನ್, 8:21
ಲ್ಯಾಬಿನ ಮೈಕ್ರೋಸ್ಕೋಪ್ ಸ್ಲೈಡ್ ತೊಗೊ, 75 × 25 ಮಿ.ಮೀ., 1 ಮಿ.ಮೀ. ದಪ್ಪ. ಕಿಟಕಿಯ 4 ಮಿ.ಮೀ. ಗಾಜು ಬ್ಯಾಡ, ಅದು ಒಡೆಯೂದರೊಳಗ ಅಂಟೇ ಕಿತ್ತು ಬರ್ತದ. ಬಿರುಕಿನ ಎರಡೂ ಬಾಜು ಗಿಲಾವ್ ಕೆತ್ತಿ ಇಟ್ಟಂಗಿ ಕಾಣಸು, ಬ್ರಷ್‌ನಿಂದ ಧೂಳು ತೆಗಿ. ಎರಡು ಟ್ಯೂಬ್ ಬೆರೆಸೋ ಗಟ್ಟಿ ಎಪಾಕ್ಸಿ ಎರಡು ತುದಿಗೆ ಮಾತ್ರ, ನಡುವಿನ ಮೂರರಲ್ಲಿ ಒಂದು ಭಾಗ ಖಾಲಿ ಇರಲಿ. ಬಾಜೂದಾಗ ತಾರೀಖು ಬರಿ. ಇಂಥಾ ಗಾಜು ಮಿಲಿಮೀಟರಿನ ನೂರರಾಗ ಕೆಲವೇ ಭಾಗ ಎಳೆದ್ರೂ ಒಡೀತದ.

ಮಲ್ಲಿಕಾರ್ಜುನ, 8:35
ಅಲ್ಲೇ ನನ್ನ ತಕರಾರು ಅದ ರೆಹಮಾನ್. ಅಷ್ಟು ಸೂಕ್ಷ್ಮ ಇರೋದಕ್ಕೇ ಗಾಜು ಸುಳ್ಳು ಗಾಬರಿ ಹುಟ್ಟಸ್ತದ. ಪಡುವಣ ಗ್ವಾಡಿ ಮ್ಯಾಲೆ ಮೇ ತಿಂಗಳ ಬಿಸಿಲು ಬಿದ್ದು ರಾತ್ರಿ ತಂಪಾದ್ರ, ಗ್ವಾಡಿ ಹಿಗ್ಗಿ ಕುಗ್ಗಿ ಒಂದೇ ದಿನದಾಗ ಗಾಜು ಒಡೀತದ. ಬುನಾದಿಗೆ ಏನೂ ಆಗಿರೂದಿಲ್ಲ, ಆದ್ರ ಮನಿಯವರು ಬುನಾದಿ ಅಗೆಯಾಕ ಹೊರಡ್ತಾರ. ಮ್ಯಾಲೆ ಗಾಜು ಎಷ್ಟು ಸರಿದದ, ಯಾವ ಕಡೆ ಸರಿದದ ಹೇಳೂದಿಲ್ಲ. ಒಮ್ಮೆ ಒಡೀತಂದ್ರ ಅದರ ಕೆಲಸ ಮುಗೀತು.

ರೆಹಮಾನ್, 8:41
ಅದಕ್ಕ ಉಪಾಯ ಅದ. ಅದೇ ಗ್ವಾಡಿಮ್ಯಾಲೆ ಬಿರುಕಿಲ್ಲದ ಜಾಗಾದಾಗ ಅದೇ ಅಂಟಿನಿಂದ ಇನ್ನೊಂದು ಸ್ಲೈಡ್ ಹಚ್ಚು. ಅದೂ ಒಡೆದ್ರ ಅಥವಾ ಕಿತ್ತು ಬಂದ್ರ ಗಾಜಿನ, ಅಂಟಿನ ದೋಷ, ಬಿರುಕಿಂದಲ್ಲ.

ಮಲ್ಲಿಕಾರ್ಜುನ, 8:48
ಅದು ಅಂಟಿನ ಪರೀಕ್ಷೆ ಆಯ್ತು. ಬಿಸಿಲಿಗೆ ಬಿರುಕಿನ ಅಂಚು ಸರಿಯೂದನ್ನ ಅದು ಹಿಡಿಯೂದಿಲ್ಲ, ಯಾಕಂದ್ರ ಬಿರುಕಿಲ್ಲದ ಕಡೆ ಅಂಚೇ ಇಲ್ಲ.

ರೆಹಮಾನ್, 8:50
ಖರೇ. ಅದು ಒಪ್ಪತೀನಿ.

ಶಿವಲೀಲಾ, 9:05
ಅದಕ್ಕೇ ಗಾಜಿನ ಬದಲು ಒಳಗಿನ ಬಾಜು ಪಿಒಪಿ ಪಟ್ಟಿ ಹಚ್ಚಬೇಕು ಅಂತೀನಿ. ಹೊರಗ ಬ್ಯಾಡ, ಪಿಒಪಿ ಅಂದ್ರ ಜಿಪ್ಸಂ, ಮಳಿಗೆ ಕರಗತದ. ಗಿಲಾವ್ ಕೆತ್ತಿ, ಇಟ್ಟಂಗಿ ಚೆನ್ನಾಗಿ ಒದ್ದಿ ಮಾಡಬೇಕು. ಇಲ್ಲಾಂದ್ರ ಒಣ ಇಟ್ಟಂಗಿ ಪಿಒಪಿದಾಗಿನ ನೀರು ಹೀರಿ ಪಟ್ಟಿ ಪುಡಿ ಪುಡಿ ಆಗತದ. ಎರಡು ಪಾಲು ಪಿಒಪಿಗೆ ಒಂದು ಪಾಲು ನೀರು, ತೂಕದ ಲೆಕ್ಕ. ಒಮ್ಮೆಗೆ ಒಂದು ಪಟ್ಟಿಗೆ ಆಗೂವಷ್ಟೇ ಕಲಸ್ರಿ, ಕೆಲವೇ ನಿಮಿಷದಾಗ ಬಿಗೀತದ. ಬಿಗಿಯಾಕ ಹತ್ತಿದ್ದಕ್ಕ ಮತ್ತ ನೀರು ಹಾಕಿ ಸಡಿಲ ಮಾಡಿದ್ರ ಗಟ್ಟಿ ಬರೂದಿಲ್ಲ.
ಪಟ್ಟಿ 12-15 ಸೆಂ.ಮೀ. ಉದ್ದ, ಸುಮಾರು 1 ಸೆಂ.ಮೀ. ದಪ್ಪ. ತುದಿಗೆ 5 ಸೆಂ.ಮೀ. ಅಗಲ, ಬಿರುಕಿನ ಮ್ಯಾಲೆ 3 ಸೆಂ.ಮೀ., ಡಮರುವಿನಂಗ. ಸಣ್ಣ ಸೊಂಟದಾಗೇ ಗೆರಿ ಬೀಳತದ. ಬಿರುಕಿನ ಬಾಯೊಳಗ ಒತ್ತಿ ತುಂಬಬ್ಯಾಡ್ರಿ. ಹಸಿ ಇರುವಾಗ ಮೊಳಿಯಿಂದ ತಾರೀಖು ಗೀರ್ರಿ.

ಬಸವರಾಜ, 9:11
ಪಿಒಪಿ ಯಾಕ, ಸಿಮೆಂಟ್ ಗಾರಿ ಪಟ್ಟಿ ಆಗೂದಿಲ್ಲೇನು? ಅಲ್ಲೇ ಸಿಗತದ.

ಶಿವಲೀಲಾ, 9:16
ಸಿಮೆಂಟ್ ಒಣಗುವಾಗ ತಾನೇ ಕುಗ್ಗಿ ಸೀಳತದ. ಆ ಸೀಳು ಗ್ವಾಡಿದೋ ಗಾರಿದೋ ಗೊತ್ತಾಗೂದಿಲ್ಲ. ಜಿಪ್ಸಂ ಬಿಗಿಯುವಾಗ ಕುಗ್ಗೂದಿಲ್ಲ, ಒಂಚೂರು ಹಿಗ್ಗತದ. ಅದರಾಗ ಗೆರಿ ಬಿತ್ತಂದ್ರ ಅದು ಗ್ವಾಡಿ ಎಳೆದ ಗೆರಿ. ಮತ್ತ ಆ ಗೆರಿಯ ಅಗಲಾನೇ ಹಚ್ಚಿದ ದಿನದಿಂದ ಬಿರುಕು ತೆರೆದ ಅಳತಿ. ಗಾಜಿಗಿಂತ ಇದು ಹೆಚ್ಚು ಹೇಳತದ.

ಮಲ್ಲಿಕಾರ್ಜುನ, 9:30
ತೆರೆದ್ರ ಹೇಳತದ. ಈ ಮನಿಗೆ ಮೊದಲು ಬರೂದು ಮುಚ್ಚುವ ಚಲನೆ. ಮುಚ್ಚುವಾಗ ಪಿಒಪಿ ನಡುವ ಜಜ್ಜಿ ಚಕ್ಕಿ ಏಳತದ, ಇಲ್ಲಾ ಒಂದು ತುದಿ ಬಿಟ್ಟು ಬರ್ತದ. ಅದಕ್ಕ ಅಳತಿ ಸಿಗೂದಿಲ್ಲ. ಪಟ್ಟಿ ಇರಲಿ, ಬಾಜೂಕ್ಕ ಎರಡು ಹಿತ್ತಾಳಿ ಸ್ಕ್ರೂನೂ ಹಾಕ್ರಿ. ಬಿರುಕಿನ ಆಚೆ ಈಚೆ, ಸುಮಾರು 100 ಮಿ.ಮೀ. ಅಂತರ, ಇಟ್ಟಂಗಿಯೊಳಗ ಎಪಾಕ್ಸಿ ಹಾಕಿ ಕೂಡಸ್ರಿ. ಡಿಜಿಟಲ್ ವರ್ನಿಯರ್‌ನಿಂದ ತಿಂಗಳಿಗೊಮ್ಮೆ, ಬೆಳಿಗ್ಗೆ ಬಿಸಿಲು ಏರೂದರೊಳಗ, ಅದೇ ಹೊತ್ತಿಗೆ ಅಳೀರಿ. ಮೂರು ಸಲ ಅಳೆದು ಸರಾಸರಿ ಬರೀರಿ. 0.1 ಮಿ.ಮೀ. ಒಳಗಿನ ಫರಕು ಕೈ ನಡುಕ ಅಂತ ಬಿಟ್ಟುಬಿಡ್ರಿ.

ಬಸವರಾಜ, 9:38
ಅಂಕಿ ಬಂದ ಮ್ಯಾಲೆ ಓದೂದು ಹ್ಯಾಂಗ?

ಮಲ್ಲಿಕಾರ್ಜುನ, 9:52
ಸುಮ್ಮನ ಲೆಕ್ಕಕ್ಕ ಹಿಡಿ. ಮೇ ತಿಂಗಳಾಗ 100.4. ಸೆಪ್ಟೆಂಬರ್‌ಗೆ 99.3. ಬರೂ ಮೇಕ್ಕ ಮತ್ತ 100.4 ಅಥವಾ 100.5. ಅಂದ್ರ 1.1 ಮಿ.ಮೀ. ಹೋಗಿ ಬಂತು, ಜಾಗಾಕ್ಕ ವಾಪಸ್ ಬಂತು. ಅದು ಎರಿಮಣ್ಣಿನ ಉಸಿರು, ಬುನಾದಿ ಕುಸಿತ ಅಲ್ಲ. ಅದೇ ಬರೂ ಮೇಕ್ಕ 101.2 ಬಂತಂದ್ರ, ಋತುವಿನ ಹೋಗಿಬರೋದರ ಮ್ಯಾಲೆ 0.8 ಹೆಚ್ಚಾದದ, ಮೂಲಿ ಇಳೀತಾ ಅದ. ಎರಡಕ್ಕೂ ಮದ್ದು ಬ್ಯಾರೆ. ಸೆಪ್ಟೆಂಬರ್‌ದಾಗ ಒಂದೇ ಅಂಕಿ ನೋಡಿ "ಬಿರುಕು ಕೂಡಿತು" ಅಂತ ತುಂಬಿದ್ರ ಮೋಸ ಹೋಗ್ತೀವಿ. ಮೇ ಅಂಕಿನ್ನ ಮೇ ಅಂಕಿ ಜೋಡೀನೇ ಹೋಲಸಬೇಕು.

ಬಸವರಾಜ, 10:01
ವರ್ಷ ಪೂರ್ತಿ ಬಿರುಕು ತೆರೆದಿಟ್ರ ಮಳಿ ನೀರು ಒಳಗ ಹೋಗತದಲ್ಲ? ಮನಿಯವರು ಒಪ್ಪೂದಿಲ್ಲ.

ಶಿವಲೀಲಾ, 10:10
ಅದು ಬರೋಬರಿ ಪ್ರಶ್ನೆ. ಹೊರಗಿನ ಬಾಜು ಬಿರುಕಿಗೆ ಮೆತ್ತನ್ನ ಸೀಲೆಂಟ್ ಹಾಕ್ರಿ, ರೆಹಮಾನ್ ಬ್ಯಾಡ ಅಂದ ಸಿಲಿಕಾನ್ ಅಲ್ಲಿ ಉಪಯೋಗಕ್ಕ ಬರ್ತದ. ಅದು ಹಿಗ್ಗತದ ಕುಗ್ಗತದ, ಗ್ವಾಡಿನ್ನ ಕಟ್ಟಿ ಹಿಡಿಯೂದಿಲ್ಲ. ಸ್ಕ್ರೂ, ಪಿಒಪಿ ಎರಡೂ ಒಳಗ. ಮ್ಯಾಲೊಂದು ಪಟ್ಟಿ ಕಿಟಕಿ ಹತ್ತಿರ, ಕೆಳಗೊಂದು ಪ್ಲಿಂತ್ ಹತ್ತಿರ. ಮ್ಯಾಲಿನದು ಹೆಚ್ಚು ತೆರೆದು ಕೆಳಗಿನದು ಕಡಿಮಿ ಇದ್ರ ಮೂಲಿ ತೂಗಿ ಹೊರಗ ವಾಲಿ ಇಳದದ ಅಂತ ತಿಳೀತದ.
ಒಡೆದ ಪಟ್ಟಿ ಕಿತ್ತಬ್ಯಾಡ್ರಿ. ಬಾಜೂಕ್ಕ ಹೊಸದು ಹಚ್ಚಿ ತಾರೀಖು ಹಾಕ್ರಿ.

ರೆಹಮಾನ್, 10:14
ಮೂಲಿ ಹತ್ತಿರ ಬೇವಿನ ಗಿಡ ಫೋಟೊದಾಗ ಕಾಣತದ, ಬಚ್ಚಲ ನೀರು ಎಲ್ಲಿ ಹೋಗತದ ಅದೂ ನೋಡು. ಗಿಡ ಮಣ್ಣು ಒಣಗಸ್ತದ, ಬಚ್ಚಲ ನೀರು ನೆನಸ್ತದ, ಎರಡರಿಂದಲೂ ಅಳತಿ ಅದಲುಬದಲು ಆಗತದ. ನಡುವ ಬಚ್ಚಲ ಪೈಪ್ ರಿಪೇರಿ ಮಾಡಿದ್ರ ಆ ತಾರೀಖು ವಹಿದಾಗ ಬರೆದಿಡು.

ಬಸವರಾಜ, 10:20
ಸಿಮೆಂಟ್ ತುಂಬೂದು ನಿಲ್ಲಸ್ತೀನಿ. ಆ ಸಿಲಿಕಾನ್ ಗಾಜು ಇವತ್ತೇ ತೆಗೆಸಿ ಸ್ಕ್ರೂ ಹಾಕಸ್ತೀನಿ. ಮೊದಲ ಅಳತಿ ಮಳಿಗಿಂತ ಮೊದಲೇ ಸಿಗಬೇಕು.

ಮಲ್ಲಿಕಾರ್ಜುನ, 10:22
ಎಪಾಕ್ಸಿ ಒಂದು ದಿನ ಬಿಗಿಯಲಿ, ಮಂಗಳವಾರ ಬೆಳಿಗ್ಗೆ ಅಳಿ.