ಕೂಲಿ ಏರಿಸಿದ ಮೇಲೆ ಆಳು ಬರುವ ದಿನ ಕಮ್ಮಿಯಾಗಿದ್ದೇಕೆ?

ಅಡಿಕೆ ತೋಟದವರು, ಶಿರಸಿ ಕಡೆ: ದಿನಗೂಲಿ 500ರಿಂದ 600ಕ್ಕೆ ಏರಿಸಿದೆ. ವಾರಕ್ಕೆ ಆರು ದಿನ ಬರುತ್ತಿದ್ದವರು ಈಗ ಐದೇ ದಿನ ಬರ್ತಾರೆ. ಜಾಸ್ತಿ ಕೊಟ್ಟರೆ ಜಾಸ್ತಿ ಬರಬೇಕಲ್ವಾ?

ನಿವೃತ್ತ ಬ್ಯಾಂಕ್ ನೌಕರರು: ವಾರಕ್ಕೆ 3000 ಸಾಕು ಅಂತ ಅವರ ಲೆಕ್ಕ. ಮುಂಚೆ ಆರು ದಿನಕ್ಕೆ ಸಿಗ್ತಿತ್ತು, ಈಗ ಐದಕ್ಕೇ ಸಿಗುತ್ತೆ. ಅಷ್ಟೇ.

ಅರ್ಥಶಾಸ್ತ್ರ ಉಪನ್ಯಾಸಕಿ: ಗುಣಾಕಾರ ಸರಿ. ಆದರೆ ಗುರಿ ಇಟ್ಟುಕೊಂಡು ನಿಲ್ಲಿಸುವವರು ಮಾತ್ರ ಹೀಗೆ ಮಾಡ್ತಾರೆ ಅಂತಿಲ್ಲ. ಒಂದು ಪರೀಕ್ಷೆ ಮಾಡಿ ನೋಡಿ. ಕೂಲಿ 600 ಮಾಡಿ, ವಾರದ ಕೊನೆಗೆ ಯಾವುದೋ ನೆಪದಲ್ಲಿ 600 ಹಿಡಿದುಕೊಂಡಿರಿ ಅಂದುಕೊಳ್ಳಿ. ಆರು ದಿನ ಬಂದರೆ ಮೊದಲಿನ 3000ವೇ ಸಿಗುತ್ತೆ, ಆದರೆ ಒಂದು ದಿನ ರಜೆ ಹಾಕಿದರೆ ಈಗ 500 ಅಲ್ಲ, 600 ಹೋಗುತ್ತೆ. ಆಗ ಯಾರೂ ದಿನ ಇಳಿಸಲ್ಲ. ರಜೆ ದುಬಾರಿಯಾದಾಗ ಅದರ ಬದಲು ಕೆಲಸ ಆರಿಸೋದೇ ಬದಲಿ ಪರಿಣಾಮ. ಈಗ ಹಿಡಿದ 600 ವಾಪಸ್ ಕೊಡಿ. ಕೈಯಲ್ಲಿ ಕಾಸಿದ್ದವರು ಬಿಡುವನ್ನೂ ಕೊಳ್ತಾರೆ. ದಿನ ಇಳಿಸಿದ್ದು ಈ ಆದಾಯ ಪರಿಣಾಮ.

ಆ 600 ಬಂದದ್ದು ಆರು ದಿನಕ್ಕೆ ನೂರರಂತೆ. ವಾರಕ್ಕೆರಡು ದಿನ ಬರುವವರಿಗೆ ಅದು ಬರೀ 200. ದಿನ ಏರಿಸಲು ಅವರಿಗೆ ಜಾಗವೂ ಇದೆ. ಆರು ದಿನದವರಿಗೆ ಉಳಿದಿರೋದು ಭಾನುವಾರ ಒಂದೇ. ಹಾಗಾಗಿ ಒಂದೇ ಏರಿಕೆಗೆ ಒಬ್ಬರು ಹೆಚ್ಚು ಬರ್ತಾರೆ, ಇನ್ನೊಬ್ಬರು ಕಮ್ಮಿ.

ಸಾಫ್ಟ್‌ವೇರ್ ಉದ್ಯೋಗಿ: ನನಗೆ ಸಂಬಳ 20% ಏರಿತು, ಗಂಟೆ ಒಂದೂ ಇಳೀಲಿಲ್ಲ. ಥಿಯರಿ ಸುಳ್ಳು.

ಉಪನ್ಯಾಸಕಿ: ಗಂಟೆ ಆರಿಸಿಕೊಳ್ಳೋ ಸ್ವಾತಂತ್ರ್ಯ ನಿಮಗಿಲ್ಲವಲ್ಲ! ದಿನಗೂಲಿಯವರಿಗಿದೆ.

ತೋಟದವರು: ಹಾಗಾದರೆ ಆರನೇ ದಿನ ಕರೆಸೋದು ಹೇಗೆ?

ಉಪನ್ಯಾಸಕಿ: ಏರಿಕೆಯನ್ನು ಎಲ್ಲ ದಿನಕ್ಕೂ ಹಂಚದೆ ಕೊನೆಯ ದಿನಕ್ಕೆ ಇಟ್ಟಿದ್ದರೆ ಕೆಲಸ ಮಾಡ್ತಿತ್ತು. ಐದು ದಿನ 500, ಆರನೆಯದಕ್ಕೆ 800. ಐದೇ ದಿನ ಬಂದವರಿಗೆ ಹೆಚ್ಚುವರಿ ಒಂದು ರೂಪಾಯಿಯೂ ಇಲ್ಲ, ಆರನೇ ದಿನ ತಪ್ಪಿಸಿದರೆ 800 ನಷ್ಟ. ನಿಮಗೆ ವಾರಕ್ಕೆ 3300 ಬೀಳುತ್ತೆ; 600ರಂತೆ ಆರು ದಿನವಾದರೆ 3600. ಆದರೆ ಈಗಾಗಲೇ ಕೊಟ್ಟ 600 ಇಳಿಸಲು ಹೋಗಬೇಡಿ, ಇರುವ ಐದು ದಿನವೂ ತಪ್ಪುತ್ತೆ. 600 ಹಾಗೇ ಇರಲಿ, ಆರನೇ ದಿನಕ್ಕಷ್ಟೇ ಮೇಲೆ ಸೇರಿಸಿ.

ನಿವೃತ್ತರು: ಗುರಿಯ ಮಾತು ಪೂರ್ತಿ ತಳ್ಳಿಹಾಕಬೇಡಿ. ನ್ಯೂಯಾರ್ಕ್ ಟ್ಯಾಕ್ಸಿಯವರು ಒಳ್ಳೆ ಸಂಪಾದನೆಯ ದಿನ ಬೇಗ ಮನೆಗೆ ಹೋಗ್ತಾರಂತೆ.

ಉಪನ್ಯಾಸಕಿ: 1997ರ ಅಧ್ಯಯನ ಹಾಗೆ ಹೇಳಿತ್ತು. ಅರ್ಥಶಾಸ್ತ್ರಜ್ಞ ಹೆನ್ರಿ ಫಾರ್ಬರ್ ಆಮೇಲೆ ಬಹಳ ದೊಡ್ಡ ದತ್ತಾಂಶ ನೋಡಿ, ಹೆಚ್ಚಿನ ಚಾಲಕರು ಅಂಥ ದಿನ ಹೆಚ್ಚೇ ಓಡಿಸ್ತಾರೆ ಎಂದರು. ಜಗಳ ಇನ್ನೂ ಮುಗಿದಿಲ್ಲ. ಅಷ್ಟಕ್ಕೂ ಒಂದು ದಿನದ ಲಾಭದಿಂದ ಯಾರೂ ಸ್ಥಿತಿವಂತರಾಗಲ್ಲ, ನಿಮ್ಮ ಏರಿಕೆ ಕಾಯಂ.

ತೋಟದವರು: ಪಕ್ಕದ ತೋಟದಲ್ಲಿ ಕೊಯ್ಲು ಶುರುವಾಗಿದೆ, ಅಲ್ಲಿ 650 ಅಂತೆ.

ಉಪನ್ಯಾಸಕಿ: ಇದನ್ನು ಮೊದಲೇ ಹೇಳಬೇಕಿತ್ತು! ಆರನೇ ದಿನ ಅವರು ಮನೆಯಲ್ಲಿದ್ದಾರೋ ಅಲ್ಲಿದ್ದಾರೋ ವಿಚಾರಿಸಿ. ಅಲ್ಲಿದ್ದರೆ ಅವರ ದುಡಿಮೆ ಇಳಿದೇ ಇಲ್ಲ, ನಿಮ್ಮ ಪಾಲು ಮಾತ್ರ ಇಳಿದಿದೆ.